ಮೈಸೂರು ಇನ್‌ಲೇ ಟೇಬಲ್ ಲ್ಯಾಂಪ್: ಹೊರದೇಶದ ಗಿರಾಕಿಗೆ ಲಿಸ್ಟಿಂಗ್‌ನಲ್ಲಿ ಏನೇನು ಬರೆಯಬೇಕು?

ಬೀಟೆಮನೆ (ಮಂಡಿ ಮೊಹಲ್ಲಾ, ಮೈಸೂರು)

ನಮಸ್ಕಾರ. ಬೀಟೆ ಮರದ ಮೇಲೆ ಇನ್‌ಲೇ ಮಾಡಿದ ಟೇಬಲ್ ಲ್ಯಾಂಪ್ ಮಾರುತ್ತೇವೆ. ಈಗ ಹೊರದೇಶದ ಆರ್ಡರನ್ನೂ ತೆಗೆದುಕೊಳ್ಳುತ್ತಿದ್ದೇವೆ. ಮೊದಲ ಪಾರ್ಸೆಲ್ ಅಮೆರಿಕಕ್ಕೆ ಹೋಯಿತು. ಅಲ್ಲಿಯ ಗಿರಾಕಿ ಫೋಟೋ ಕಳಿಸಿದ್ದಾರೆ. ಅವರ ಬಲ್ಬ್ ನಮ್ಮ ಹೋಲ್ಡರಿಗೆ ಕೂರುತ್ತಿಲ್ಲ, ನಮ್ಮ ಪ್ಲಗ್ ಅವರ ಗೋಡೆಗೆ ಹೋಗುತ್ತಿಲ್ಲ. ದುಡ್ಡು ವಾಪಸ್ ಕೇಳುತ್ತಿದ್ದಾರೆ.

ಲಿಸ್ಟಿಂಗ್‌ನಲ್ಲಿ ಇರುವುದು ಇಷ್ಟೇ: ಎತ್ತರ 14 ಇಂಚು, 230 ವೋಲ್ಟ್, ಶೇಡ್ ಸಮೇತ. ಜರ್ಮನಿಯ ಇನ್ನೊಬ್ಬರು ಅಳತೆ, ಸಾಗಣೆ ಖರ್ಚು ಕೇಳಿ ಕಾಯುತ್ತಿದ್ದಾರೆ. ಏನು ಬದಲಿಸಲಿ?

ಸಕ್ಕರೆನಾಡು_ಸುರೇಶ (ಮಂಡ್ಯ)

ಮೇಡಂ, ಇದು ಸುಲಭ. ಅಮೆರಿಕದಲ್ಲಿ 120 ವೋಲ್ಟ್, ನಮ್ಮದು 230. ಡಬ್ಬದಲ್ಲಿ ಒಂದು ಅಡಾಪ್ಟರ್ ಹಾಕಿ ಕಳಿಸಿ. ಟ್ರಾನ್ಸ್‌ಫಾರ್ಮರ್ ಬೇಕು ಅಂತ ಲಿಸ್ಟಿಂಗ್‌ನಲ್ಲಿ ಒಂದು ಸಾಲು ಸೇರಿಸಿ. ಮುಗೀತು.

ಹೋಲ್ಡರ್_ಶಿವಣ್ಣ (ಮೈಸೂರು)

ಸುರೇಶ್, ವೋಲ್ಟ್ ಲೆಕ್ಕ ಸರಿ. ಆದರೆ ಇದಕ್ಕೆ ಟ್ರಾನ್ಸ್‌ಫಾರ್ಮರ್ ಯಾಕೆ? ಮೇಡಂ, ಒಂದು ವಿಷಯ ಹೇಳಿ. ಒಳಗೆ ಎಲ್‌ಇಡಿ ಪಟ್ಟಿ, ಡ್ರೈವರ್ ಏನಾದರೂ ಇದೆಯಾ? ಇಲ್ಲ ಬರೀ ಹೋಲ್ಡರ್, ವೈರು, ಸ್ವಿಚ್ಚಾ?

ಬೀಟೆಮನೆ

ಬರೀ ಹೋಲ್ಡರ್ ಸರ್. ನಮ್ಮ ಮಾಮೂಲಿ ಪಿನ್ ಬಲ್ಬಿನದು. ಎರಡು ಎಳೆಯ ವೈರು, ಮಧ್ಯದಲ್ಲಿ ಸ್ವಿಚ್ಚು, ತುದಿಗೆ ಟೂ ಪಿನ್.

ಹೋಲ್ಡರ್_ಶಿವಣ್ಣ

ಹಾಗಾದರೆ ನಿಮ್ಮ ಲ್ಯಾಂಪಿಗೆ ಅದರದೇ ಆದ ವೋಲ್ಟೇಜ್ ಇಲ್ಲ. ವೋಲ್ಟೇಜ್ ಇರುವುದು ಬಲ್ಬಿಗೆ. 250 ವೋಲ್ಟ್ ತಡೆಯುವ ವೈರು, ಸ್ವಿಚ್ಚು 120ರಲ್ಲಿ ಆರಾಮಾಗಿ ಇರುತ್ತವೆ. ಅಲ್ಲಿಯ 120 ವೋಲ್ಟಿನ ಬಲ್ಬ್ ಹಾಕಿದರೆ ಉರಿಯಬೇಕು. ಹಾಕಲಿಕ್ಕೇ ಆಗುತ್ತಿಲ್ಲ, ತೊಂದರೆ ಅದು. ನಮ್ಮ ಹೋಲ್ಡರ್ B22, ಪಿನ್ ತಿರುಗಿಸಿ ಸಿಕ್ಕಿಸುವುದು. ಅಮೆರಿಕದಲ್ಲಿ ತಿರುಪಿನ E26. ಜರ್ಮನಿಯಲ್ಲಿ ತಿರುಪಿನ E27. B22 ಬಲ್ಬ್ ಅವರ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಡಾಪ್ಟರ್ ಹಾಕಿ ಪ್ಲಗ್ ಗೋಡೆಗೆ ಹೋದರೂ ಲ್ಯಾಂಪಿನಲ್ಲಿ ಬಲ್ಬ್ ಇರುವುದಿಲ್ಲ, ಅಲ್ವಾ?

ಕುವೆಂಪುನಗರ_ಲತಾ

ನನ್ನದೂ ಇದೇ ಕಥೆ! ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ಇಲ್ಲಿಂದ ವೆಟ್ ಗ್ರೈಂಡರ್ ತಗೊಂಡು ಹೋದಳು. ಟ್ರಾನ್ಸ್‌ಫಾರ್ಮರ್ ಹಾಕಿದ್ದಾಳೆ, ಆದರೂ ಕಲ್ಲು ಜೋರಾಗಿ ತಿರುಗುತ್ತೆ, ಸದ್ದು ಜಾಸ್ತಿ. ಮಿಕ್ಸಿ ಮಾತ್ರ ಚೆನ್ನಾಗೇ ಇದೆ. ಯಾಕೆ?

ಹೋಲ್ಡರ್_ಶಿವಣ್ಣ

ಲತಾ ಅವರೇ, ಅದು ಬೇರೆ ಕಥೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಏರಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ನಮ್ಮಲ್ಲಿ 50, ಅಲ್ಲಿ 60. ಗ್ರೈಂಡರಿನಲ್ಲಿ ಇರುವುದು ಸಾಮಾನ್ಯವಾಗಿ ಇಂಡಕ್ಷನ್ ಮೋಟರ್. ಅದರ ವೇಗ ಹರ್ಟ್ಸ್ ಮೇಲೆ ನಿಂತಿದೆ, ಹಾಗಾಗಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಜಾಸ್ತಿ ತಿರುಗುತ್ತದೆ. ಮಿಕ್ಸಿಯದು ಬ್ರಷ್ ಇರುವ ಮೋಟರ್, ಅದಕ್ಕೆ ಹರ್ಟ್ಸ್ ಲೆಕ್ಕವಿಲ್ಲ. ಗ್ರೈಂಡರ್ ಬಗ್ಗೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.

ಸಕ್ಕರೆನಾಡು_ಸುರೇಶ

ಸರಿ ಸರ್, ಒಪ್ಪಿದೆ. ಹಾಗಾದರೆ ಎಲ್ಲದಕ್ಕೂ E27 ಹಾಕಿಬಿಡಲಿ. E26 ಬಲ್ಬ್ ಅದರಲ್ಲಿ ಕೂರುತ್ತೆ. ನಾನೇ ಹಾಕಿ ನೋಡಿದ್ದೇನೆ.

ಹೋಲ್ಡರ್_ಶಿವಣ್ಣ

ಕೂರುತ್ತೆ. ಒಂದು ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ಆದರೆ ಅಮೆರಿಕದ ಲ್ಯಾಂಪ್ ಪ್ಲಗ್ಗಿನಲ್ಲಿ ಒಂದು ಪಟ್ಟಿ ಅಗಲ ಇರುತ್ತದೆ, ಅದು ನ್ಯೂಟ್ರಲ್. ಆ ವೈರು ಹೋಲ್ಡರಿನ ತಿರುಪಿನ ಚಿಪ್ಪಿಗೇ ಹೋಗಬೇಕು. ಅದಲು ಬದಲಾದರೆ ಬಲ್ಬ್ ತಿರುಗಿಸುವಾಗ ಕೈ ತಾಗುವ ಜಾಗಕ್ಕೆ ಕರೆಂಟ್ ಬರುತ್ತದೆ. ನಮ್ಮ ಟೂ ಪಿನ್ನನ್ನು ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದು. ಅಡಾಪ್ಟರ್ ಇದನ್ನು ಸರಿ ಮಾಡುವುದಿಲ್ಲ. ಜೊತೆಗೆ ಅಲ್ಲಿಯವರು ಸುರಕ್ಷತಾ ಪರೀಕ್ಷೆ ಪಾಸಾದದ್ದಕ್ಕೆ ಕೊಡುವ UL ಗುರುತು ಇದೆಯಾ ಅಂತ ಕೇಳುತ್ತಾರೆ. ನಾವು ಮನೆಯಲ್ಲಿ ವೈರ್ ಮಾಡಿದ್ದಕ್ಕೆ ಆ ಗುರುತು ಎಲ್ಲಿಂದ ಬರಬೇಕು?

ಮೇಡಂ, ನನ್ನ ಸಲಹೆ ಇದು. ಹೊರದೇಶಕ್ಕೆ ವೈರಿಲ್ಲದೆ ಮಾರಿ. ಹೆಸರನ್ನೇ "ಲ್ಯಾಂಪ್ ಬೇಸ್, ವೈರಿಂಗ್ ಇಲ್ಲ" ಅಂತ ಬದಲಿಸಿ. ಗಿರಾಕಿ ತಮ್ಮ ಊರಿನ ಲ್ಯಾಂಪ್ ಕಿಟ್ ಹಾಕಿಕೊಳ್ಳುತ್ತಾರೆ. ಅವರಿಗೆ ಬೇಕಾದ ಮುಖ್ಯ ಅಳತೆ ಹೋಲ್ಡರಿನ ಪೈಪು ಕೂರುವ ಮೇಲಿನ ತೂತು. ಯೂರೋಪಿನ ಹೋಲ್ಡರ್ ಪೈಪು M10, ಅಂದರೆ 10 ಮಿಲಿಮೀಟರ್. ಅಮೆರಿಕದ್ದು 1/8 IP. ಹೆಸರು ನೋಡಿ ಎಂಟನೇ ಒಂದು ಇಂಚು ಅಂದುಕೊಳ್ಳಬೇಡಿ, ಹೊರಗಿನ ದಪ್ಪ ಸುಮಾರು 10.3 ಮಿಲಿಮೀಟರ್. 10.5 ತೂತು ಕೊರೆದರೆ ಎರಡೂ ಹೋಗುತ್ತವೆ.

ಬೀಟೆಮನೆ

ಇದು ಹೊಳೆದೇ ಇರಲಿಲ್ಲ ಸರ್. ಶೇಡ್ ಕಳಿಸೋದಾ ಬೇಡವಾ?

ಹೋಲ್ಡರ್_ಶಿವಣ್ಣ

ಡಬ್ಬದ ಅಳತೆ ಕೊಡಿ, ಲೆಕ್ಕ ಹಾಕೋಣ.

ಬೀಟೆಮನೆ

ಶೇಡ್ ಜೊತೆ 45×35×35 ಸೆಂಟಿಮೀಟರ್. ಶೇಡ್ ಇಲ್ಲದಿದ್ದರೆ 45×20×20. ಮರದ ತೂಕ 1.1 ಕೆಜಿ. ಪ್ಯಾಕಿಂಗ್ ಸೇರಿ ಎರಡು ಕೆಜಿ ಒಳಗೇ.

ಹೋಲ್ಡರ್_ಶಿವಣ್ಣ

ಖಾಸಗಿ ಕೊರಿಯರಿನವರು ಡಬ್ಬದ ಗಾತ್ರವನ್ನೂ ತೂಕ ಅಂತಲೇ ಲೆಕ್ಕ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5000ರಿಂದ ಭಾಗಿಸುತ್ತಾರೆ. ತಕ್ಕಡಿಯ ತೂಕ, ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು.

```
45 × 35 × 35 ÷ 5000 = 11.0
45 × 20 × 20 ÷ 5000 = 3.6
```

ಶೇಡ್ ಹಾಕಿದರೆ ಎರಡು ಕೆಜಿ ಮಾಲಿಗೆ 11 ಕೆಜಿ ಬಾಡಿಗೆ. ಶೇಡಿನ ಒಳಗಿರುವುದು ಬರೀ ಗಾಳಿ. ಬಿಟ್ಟುಬಿಡಿ. ಫೋಟೋದಲ್ಲಿ ಶೇಡ್ ಇದ್ದರೆ ಅದನ್ನೂ ತೆಗೆಯಿರಿ. ಇಲ್ಲದಿದ್ದರೆ ಶೇಡ್ ಎಲ್ಲಿ ಅಂತ ಇನ್ನೊಂದು ದೂರು ಬರುತ್ತದೆ.

ಅಳತೆಯನ್ನು ಹೀಗೆ ಬರೆಯಿರಿ, ಇಂಗ್ಲಿಷಿಗೆ ನೀವೇ ಹಾಕಿಕೊಳ್ಳಿ: ಮರದ ಎತ್ತರ 14 ಇಂಚು, 35.6 ಸೆಂಟಿಮೀಟರ್. ಪಾದದ ಅಗಲ 5 ಇಂಚು, 12.7 ಸೆಂಟಿಮೀಟರ್. ತೂಕ 1.1 ಕೆಜಿ, 2.4 ಪೌಂಡ್. ತೂತು 10.5 ಮಿಲಿಮೀಟರ್. "ಮರದ ಎತ್ತರ" ಅಂತಲೇ ಇರಲಿ. ಅಮೆರಿಕದವರು ಲ್ಯಾಂಪಿನ ಎತ್ತರ ಅಂದರೆ ಶೇಡಿನ ತುದಿವರೆಗೆ ಅಂದುಕೊಳ್ಳುತ್ತಾರೆ. ಕೈಯಲ್ಲಿ ಕಡೆದದ್ದು, 3 ಮಿಲಿಮೀಟರ್ ಆಚೀಚೆ ಆಗಬಹುದು ಅಂತಲೂ ಸೇರಿಸಿ.

ಮರಗೆಲಸ_ಇಲಿಯಾಸ್ (ಮೈಸೂರು)

ಅಕ್ಕ, ಮರದ ವಿಷಯ ಯಾರೂ ಹೇಳಲಿಲ್ಲ. ಅಳಿವಿನಂಚಿನ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್, ಬೀಟೆ ಅದರ ಪಟ್ಟಿಯಲ್ಲಿದೆ. ತಯಾರಾದ ವಸ್ತುವಿಗೆ 10 ಕೆಜಿವರೆಗೆ ರಿಯಾಯಿತಿ ಇದೆ. ಆದರೂ ಕಳಿಸುವ ಪತ್ರದಲ್ಲಿ ಬರೀ "ಮರದ ವಸ್ತು" ಅಂತ ಬರೆಯಬೇಡಿ. ಮರದ ಹೆಸರು Dalbergia latifolia, ಆ ಮರದ ತೂಕ, ಎರಡೂ ಇರಲಿ. ಇನ್ನೊಂದು, ಇನ್‌ಲೇಯ ಬಿಳಿ ಭಾಗ ಪ್ಲಾಸ್ಟಿಕ್, ಆನೆ ದಂತ ಅಲ್ಲ ಅಂತ ಲಿಸ್ಟಿಂಗ್‌ನಲ್ಲೂ ಪತ್ರದಲ್ಲೂ ಸ್ಪಷ್ಟವಾಗಿ ಹಾಕಿ. ಹಿಂದೆ ಮೈಸೂರಿನ ಇನ್‌ಲೇಗೆ ದಂತ ಬಳಸುತ್ತಿದ್ದರು ಅಂತ ಅವರಿಗೂ ಗೊತ್ತು. ಕಸ್ಟಮ್ಸ್‌ನವರು ಬಿಳಿ ಬಣ್ಣ ನೋಡಿದ ಕೂಡಲೇ ತಡೆಯಬಹುದು.

ಸಕ್ಕರೆನಾಡು_ಸುರೇಶ

800 ಡಾಲರ್ ಒಳಗಿದ್ದರೆ ಅಮೆರಿಕದಲ್ಲಿ ಸುಂಕ ಇಲ್ಲ ಅಂತ ಕೂಡ ಬರೆಯಿರಿ ಮೇಡಂ, ಗಿರಾಕಿಗೆ ಧೈರ್ಯ ಬರುತ್ತೆ.

ಮರಗೆಲಸ_ಇಲಿಯಾಸ್

ಅಯ್ಯೋ, ಅದನ್ನು ಬರೆಯಬೇಡಿ. ಆ ರಿಯಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಸುಂಕದ ದರ ಬದಲಾಗುತ್ತಲೇ ಇದೆ, ಅಂಕಿ ಹಾಕದಿರುವುದೇ ಒಳ್ಳೆಯದು. ಸುಂಕ ಬೆಲೆಯಲ್ಲಿ ಸೇರಿದೆಯಾ, ಗಿರಾಕಿ ಕಟ್ಟಬೇಕಾ, ಇಷ್ಟನ್ನು ಒಂದು ಸಾಲಿನಲ್ಲಿ ಹೇಳಿ. ಜರ್ಮನಿಗೆ ಇನ್ನೊಂದು ತೊಡಕು ಇದೆ. 2024ರ ಡಿಸೆಂಬರ್ 13ರಿಂದ ವಸ್ತುವಿನ ಸುರಕ್ಷತೆಗೆ ಯೂರೋಪಿನ ಒಳಗೆ ಒಬ್ಬ ಜವಾಬ್ದಾರ ಇರಬೇಕು, ಅವರ ಹೆಸರು, ವಿಳಾಸ ಲಿಸ್ಟಿಂಗ್‌ನಲ್ಲಿ ಇರಬೇಕು. ವೈರು ತೆಗೆದರೂ ಇದು ತಪ್ಪುವುದಿಲ್ಲ.

ಬೀಟೆಮನೆ

ಜರ್ಮನಿಯವರಿಗೆ ಸದ್ಯ ಕಾಯಲು ಹೇಳುತ್ತೇನೆ. ಅಂಥ ಜವಾಬ್ದಾರಿ ಹೊರುವವರು ಎಷ್ಟು ತಗೊಳ್ತಾರೆ, ಯಾರಿಗಾದರೂ ಅನುಭವ ಇದ್ದರೆ ಹೇಳಿ. ಶಿವಣ್ಣ ಸರ್, ಅಮೆರಿಕದವರಿಗೆ ದುಡ್ಡು ವಾಪಸ್ ಕೊಡುತ್ತಿದ್ದೇನೆ. ಇನ್ನೊಂದು ಪ್ರಶ್ನೆ. ತಯಾರಿರುವ ಬೇಸ್‌ಗಳ ತೂತು 8 ಮಿಲಿಮೀಟರ್. ಪೂರ್ತಿ 10.5ಕ್ಕೆ ಕೊರೆದರೆ ಕುತ್ತಿಗೆಯ ಹತ್ತಿರ ಇನ್‌ಲೇ ಎದ್ದು ಬರುತ್ತೆ ಅಂತ ಕೆಲಸದವರು ಹೆದರುತ್ತಿದ್ದಾರೆ.

ಹೋಲ್ಡರ್_ಶಿವಣ್ಣ

ಪೂರ್ತಿ ಕೊರೆಯಬೇಡಿ. ಮೇಲಿನಿಂದ 25 ಮಿಲಿಮೀಟರ್ ಆಳ ಮಾತ್ರ 10.5 ಮಾಡಿ, ಗಿಡ್ಡ ಪೈಪು ಕೂರಲು ಅಷ್ಟು ಸಾಕು. ಕೆಳಗೆ ವೈರು ಹೋಗಲು 8 ಧಾರಾಳ. ಆದರೆ ಆ ಬೇಸ್‌ಗಳಿಗೆ ಲಿಸ್ಟಿಂಗ್ ಬೇರೆ ಮಾಡಿ. ಉದ್ದ ಪೈಪು ಇರುವ ಕಿಟ್ ಹಿಡಿಸುವುದಿಲ್ಲ, ಗಿಡ್ಡ ಪೈಪಿನದೇ ಬೇಕು ಅಂತ ಅದರಲ್ಲಿ ಬರೆಯಿರಿ.