ಪದಚರ್ಚೆ: ಟೇಬಲ್ ಫೋಟೊದ ನೆರಳು ತೆಗೆಯುವ "ಅಡಾಪ್ಟಿವ್ ಥ್ರೆಶೋಲ್ಡಿಂಗ್" ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಸಾಗರದಿಂದ

ಮಾನ್ಯರೇ,

ಹಲವು ವರ್ಷಗಳ ಪಂಚಾಂಗಗಳನ್ನು ಒಟ್ಟಿಗೆ ಹೊಲಿಸಿಟ್ಟ ಕಟ್ಟುಗಳು ನಮ್ಮ ಮನೆಯಲ್ಲಿವೆ. ಅವುಗಳ ಪುಟಗಳನ್ನು ಫೋನಿನಲ್ಲಿ ತೆಗೆದು, ತಿಥಿ-ನಕ್ಷತ್ರಗಳ ಘಳಿಗೆ ಮತ್ತು ವಿಘಳಿಗೆಯ ಸಾಲುಗಳನ್ನು ಟೆಸೆರಾಕ್ಟ್ ತಂತ್ರಾಂಶದಿಂದ ಓದಿಸುವ ಕೆಲಸವನ್ನು ನಾವು ಕೆಲವರು ಕೈಗೆತ್ತಿಕೊಂಡಿದ್ದೇವೆ. ಕಟ್ಟು ದಪ್ಪವಾಗಿರುವುದರಿಂದ ಹೊಲಿಗೆಯ ಕಡೆಗೆ ಪುಟ ಬಾಗಿ ಕಪ್ಪಾಗುತ್ತದೆ. ಫೋನು ಹಿಡಿದ ಕೈಯ ನೆರಳು ಇನ್ನೊಂದು ಕಡೆ ಬೀಳುತ್ತದೆ. ಇದನ್ನು ಸರಿಪಡಿಸಿದ ಮೇಲೆಯೇ ಓದಿಸಬೇಕು, ಅದಕ್ಕೆ ಅಡಾಪ್ಟಿವ್ ಥ್ರೆಶೋಲ್ಡಿಂಗ್ ಮಾಡಬೇಕು ಎಂದು ತಿಳಿದವರು ಹೇಳಿದರು.

ನಮ್ಮ ಗುಂಪಿನಲ್ಲಿ ಇಂಗ್ಲಿಷ್ ಓದದ ಹಿರಿಯರೂ ಇರುವುದರಿಂದ ಕೆಲಸದ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಥ್ರೆಶೋಲ್ಡ್ ಎಂಬುದಕ್ಕೆ ನಿಘಂಟು "ಹೊಸ್ತಿಲು" ಎನ್ನುತ್ತದೆ. ಅದನ್ನು ಬರೆದರೆ ಓದುವವರಿಗೆ ಅರ್ಥವಾದೀತೆಂದು ನನಗೆ ಅನ್ನಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆಯುತ್ತಿರುವುದು "ಅಡಾಪ್ಟಿವ್". ಇಲ್ಲಿ ಯಾವುದು ಯಾವುದಕ್ಕೆ ಹೊಂದಿಕೊಳ್ಳುತ್ತದೆ? ಅದು ತಿಳಿಯದೆ ಪದ ಆರಿಸುವುದು ಸರಿಯಲ್ಲವೆಂದು ಕೇಳುತ್ತಿದ್ದೇನೆ.

ಮೈಸೂರಿನಿಂದ

ನಮಸ್ಕಾರ. ಇದಕ್ಕೆ "ಹೊಂದಾಣಿಕೆಯ ಮಿತಿ" ಎಂದರೆ ಸಾಕು. ಕಪ್ಪು ಎಲ್ಲಿಗೆ ಮುಗಿದು ಬಿಳಿ ಎಲ್ಲಿಂದ ಶುರುವಾಗಬೇಕು ಎಂಬ ಸಂಖ್ಯೆಯನ್ನು ನಾವು ಕೊಡದೆ, ಚಿತ್ರವನ್ನು ನೋಡಿ ತಂತ್ರಾಂಶವೇ ಆರಿಸಿಕೊಳ್ಳುವುದರಿಂದ ಅದು ಅಡಾಪ್ಟಿವ್. ಜಪಾನಿನ ನೊಬುಯುಕಿ ಒಟ್ಸು ಅವರು 1979ರಲ್ಲಿ ಪ್ರಕಟಿಸಿದ ವಿಧಾನ ಇದನ್ನೇ ಮಾಡುತ್ತದೆ. ಚಿತ್ರದ ಎಲ್ಲ ಪಿಕ್ಸೆಲ್‌ಗಳ ಹಂಚಿಕೆಯನ್ನು ನೋಡಿ, ಎರಡು ಗುಂಪುಗಳು ಅತ್ಯಂತ ಚೆನ್ನಾಗಿ ಬೇರೆಯಾಗುವ ಜಾಗದಲ್ಲಿ ಗೆರೆ ಎಳೆಯುತ್ತದೆ. ಟೆಸೆರಾಕ್ಟ್ ಒಳಗಡೆ ಅದನ್ನು ಹೇಗೂ ಮಾಡಿಕೊಳ್ಳುವುದರಿಂದ ನೀವು ಬೇರೆ ಹೆಜ್ಜೆ ಬರೆಯುವ ಅಗತ್ಯವೇ ಬರಲಾರದು.

ಹುಬ್ಬಳ್ಳಿಯಿಂದ

ಸರ್, ನಮ್ಮದು ಮರದ ಸಾಮಾನಿನ ಅಂಗಡಿ. ಟೇಬಲ್ ಫೋಟೊ ತೆಗೆಯುವಾಗ ಕಾಲುಗಳ ಕೆಳಗೆ ನೆರಳು ಬೀಳುವ ತೊಂದರೆ ನಮಗೂ ಇದೆ. ಎರಡೂ ಬದಿಯಲ್ಲಿ ಬಿಳಿ ಬಟ್ಟೆ ಕಟ್ಟಿ, ಅದರ ಹಿಂದೆ ದೀಪ ಇಟ್ಟರೆ ನೆರಳು ತೀರ ತೆಳುವಾಗುತ್ತದೆ. ಈ ಥ್ರೆಶೋಲ್ಡಿಂಗ್ ಮಾಡಿದರೆ ಮರದ ಬಣ್ಣ ಹಾಗೆಯೇ ಉಳಿಯುತ್ತದೆಯೇ, ತಿಳಿಸಿ.

ಧಾರವಾಡದಿಂದ

ಹುಬ್ಬಳ್ಳಿಯವರಿಗೆ ಮೊದಲು ಹೇಳಿಬಿಡುತ್ತೇನೆ: ಇಲ್ಲಿ ಟೇಬಲ್ ಎಂದರೆ ಮೇಜಲ್ಲ, ಅಂಕಿಗಳ ಕೋಷ್ಟಕ. ಥ್ರೆಶೋಲ್ಡಿಂಗ್ ಆದ ಮೇಲೆ ಅಚ್ಚ ಕಪ್ಪು, ಅಚ್ಚ ಬಿಳುಪು ಮಾತ್ರ ಉಳಿಯುತ್ತವೆ, ಆದ್ದರಿಂದ ನಿಮ್ಮ ಕೆಲಸಕ್ಕೆ ಅದು ಬಾರದು. ಆದರೆ ದೀಪದ ಮುಂದೆ ಬಿಳಿ ಬಟ್ಟೆ ಕಟ್ಟುವ ನಿಮ್ಮ ಉಪಾಯ ಸಾಗರದವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೈಸೂರಿನವರು ಒಟ್ಸು ವಿಧಾನದ ಬಗ್ಗೆ ಹೇಳಿದ್ದು ಸರಿಯಾಗಿದೆ, ಆದರೆ ಅದು ಅಡಾಪ್ಟಿವ್ ಅಲ್ಲ. ಅದು ಸಂಖ್ಯೆಯನ್ನು ತಾನೇ ಆರಿಸುತ್ತದೆ ನಿಜ. ಆರಿಸುವುದು ಮಾತ್ರ ಇಡೀ ಪುಟಕ್ಕೆ ಒಂದೇ ಸಂಖ್ಯೆ. ನೆರಳು ಬಿದ್ದ ಪುಟದಲ್ಲಿ ಸೋಲುವುದೇ ಈ "ಒಂದೇ" ಎನ್ನುವ ಜಾಗದಲ್ಲಿ. 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳುಪು ಎಂದಿಟ್ಟುಕೊಳ್ಳಿ. ಬೆಳಕು ಬಿದ್ದ ಕಡೆ ಹಳೆಯ ಕಾಗದ 210, ಮಾಸಿದ ಶಾಯಿ 85 ಇದೆ. ಕೈಯ ನೆರಳಿನಲ್ಲಿ ಕಾಗದ 75, ಶಾಯಿ 30 ಇದೆ ಎನ್ನೋಣ. ನೆರಳಿನ ಕಾಗದ ಬೆಳಕಿನ ಶಾಯಿಗಿಂತಲೂ ಕಪ್ಪು. ಹೀಗಿರುವಾಗ ಯಾವ ಒಂದು ಸಂಖ್ಯೆಯನ್ನು ಆರಿಸಿದರೂ ಎರಡೂ ಕಡೆಯ ಅಕ್ಷರ ಉಳಿಯುವುದಿಲ್ಲ: 85ಕ್ಕಿಂತ ಮೇಲೆ ಇಟ್ಟರೆ ನೆರಳಿನ ಭಾಗವೆಲ್ಲ ಮಸಿಯಾಗುತ್ತದೆ, 75ಕ್ಕಿಂತ ಕೆಳಗೆ ಇಟ್ಟರೆ ಬೆಳಕಿನ ಭಾಗದ ಅಕ್ಷರ ಅಳಿಸಿಹೋಗುತ್ತದೆ.

ಅಡಾಪ್ಟಿವ್ ವಿಧಾನದಲ್ಲಿ ಪ್ರತಿಯೊಂದು ಪಿಕ್ಸೆಲ್‌ಗೂ ಬೇರೆಯೇ ಮಿತಿ ಇರುತ್ತದೆ. ಆ ಪಿಕ್ಸೆಲ್‌ನ ಸುತ್ತ ಒಂದು ಚೌಕ ಹಾಕಿ, ಅದರೊಳಗಿನ ಮಟ್ಟಗಳ ಸರಾಸರಿ ತೆಗೆದು, ಅದರಿಂದ ಸ್ವಲ್ಪ ಕಳೆದರೆ ಬರುವುದೇ ಆ ಮಿತಿ. ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶದಲ್ಲಿ ಚೌಕದ ಅಗಲ `blockSize`, ಕಳೆಯುವ ಮೊತ್ತ `C`. ಈ ಕೆಳಗಿನ ಸಾಲಿನಲ್ಲಿ ಅವು 31 ಮತ್ತು 10.

```
bw = cv2.adaptiveThreshold(gray, 255,
     cv2.ADAPTIVE_THRESH_MEAN_C,
     cv2.THRESH_BINARY, 31, 10)
```

ಚೌಕದ ಶೇಕಡಾ 15ರಷ್ಟು ಭಾಗ ಶಾಯಿ ಇದ್ದರೆ, ನೆರಳಿನ ನಡುವೆ ಸರಾಸರಿ ಸುಮಾರು 68, ಮಿತಿ 58. ಕಾಗದದ 75 ಅದಕ್ಕಿಂತ ಮೇಲಿರುವುದರಿಂದ ಬಿಳಿಯಾಗುತ್ತದೆ, ಶಾಯಿಯ 30 ಕಪ್ಪಾಗುತ್ತದೆ. ಬೆಳಕಿನ ಕಡೆ ಸರಾಸರಿ 191, ಮಿತಿ 181. ಅಲ್ಲಿಯೂ ಸರಿಯಾಗಿಯೇ ಬೇರೆಯಾಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮಿತಿಯು ನೆರೆಹೊರೆಗೆ ಹೊಂದಿಕೊಳ್ಳುತ್ತದೆ. ನನ್ನ ಮಟ್ಟಿಗೆ "ಸ್ಥಳೀಯ ಮಿತಿ" ಎನ್ನುವುದೇ ಅದರ ನಡತೆಗೆ ಹತ್ತಿರದ ಹೆಸರು.

ಚೌಕವನ್ನು ತೀರ ಚಿಕ್ಕದು ಮಾಡಬೇಡಿ. ಮಾಸದ ಹೆಸರಿನಂಥ ದಪ್ಪಕ್ಷರದ ಗೆರೆಯೊಳಗೆ ಚೌಕ ಪೂರ್ತಿ ಹೂತುಹೋದರೆ ಅಲ್ಲಿನ ಸರಾಸರಿಯೇ 30, ಮಿತಿ 20. ಆಗ ಶಾಯಿಯೇ ಬಿಳಿ ಎನಿಸಿಕೊಂಡು, ಅಕ್ಷರ ಒಳಗೆ ಟೊಳ್ಳಾಗಿ ಅಂಚು ಮಾತ್ರ ಉಳಿಯುತ್ತದೆ. ಟೊಳ್ಳಕ್ಷರ ಕಂಡರೆ ಚೌಕ ಚಿಕ್ಕದಾಯಿತೆಂದು ತಿಳಿಯಿರಿ.

ಸಾಗರದಿಂದ

ತಮ್ಮ ವಿವರಣೆಯಿಂದ ಅರ್ಥ ಸ್ಪಷ್ಟವಾಯಿತು, ಕೃತಜ್ಞತೆಗಳು. ಅದೇ ಸಾಲನ್ನು ಬಳಸಿ ನೋಡಿದೆವು. ನೆರಳಿನೊಳಗಿನ ಅಂಕಿಗಳು ಚೆನ್ನಾಗಿ ಎದ್ದು ಬಂದಿವೆ. ಹೊಲಿಗೆಯ ಕಡೆಯ ಕಪ್ಪೂ ಹೋಗಿದೆ. ಆದರೆ ಕೈಯ ನೆರಳಿನ ಅಂಚು ಇದ್ದ ಕಡೆ, ಬೆರಳಿನ ಆಕಾರಕ್ಕೇ ಕಪ್ಪು ಪಟ್ಟಿಯೊಂದು ಮೂಡಿದೆ, ಆ ಪಟ್ಟಿಯ ಕೆಳಗಿನ ಅಂಕಿಗಳು ಕಾಣುವುದೇ ಇಲ್ಲ. ಹೊಲಿಗೆಯ ಕಡೆ ಇಂಥ ಪಟ್ಟಿ ಇಲ್ಲ. ಹೀಗೇಕೆ?

ಇನ್ನೊಂದು ಸಂಗತಿ. ಈ ಪಂಚಾಂಗಗಳಲ್ಲಿ ಕನ್ನಡ ಅಂಕಿಗಳಿವೆ. ಅಚ್ಚು ಸಣ್ಣದಿರುವಲ್ಲಿ ೧ರ ಬಾಯಿ ಮುಚ್ಚಿಕೊಂಡು ೦ ಆಗುತ್ತಿದೆ. `C` ಹೆಚ್ಚಿಸಿದರೆ ೧ ಸರಿಹೋಗುತ್ತದೆ, ಆದರೆ ಬೇರೆ ಕಡೆ ೦ಯ ಸುತ್ತು ಕಡಿದು ೧ ಆಗುತ್ತದೆ.

ಬೆಂಗಳೂರಿನಿಂದ

ನನ್ನ ಹಳೆಯ ಅಂಕಪಟ್ಟಿ ಲ್ಯಾಮಿನೇಟ್ ಆಗಿದೆ. ಫೋಟೊ ತೆಗೆದರೆ ನಡುವೆ ದೀಪದ ಹೊಳಪು ಬಿದ್ದು ಎರಡು ವಿಷಯದ ಅಂಕಗಳು ಕಾಣುವುದಿಲ್ಲ. ಈ ವಿಧಾನದಿಂದ ಅವು ಬರುತ್ತವೆಯೇ? ಪದದ ಬಗ್ಗೆ ಹೇಳುವುದಾದರೆ "ಥ್ರೆಶೋಲ್ಡ್" ಎಂದೇ ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ.

ಧಾರವಾಡದಿಂದ

ಬೆಂಗಳೂರಿನವರೇ, ಹೊಳಪಿನ ಜಾಗದಲ್ಲಿ ಕಾಗದವೂ 255, ಶಾಯಿಯೂ 255 ಆಗಿದ್ದರೆ ಅವೆರಡರ ವ್ಯತ್ಯಾಸ ಚಿತ್ರದಲ್ಲಿ ದಾಖಲಾಗಿಯೇ ಇಲ್ಲ. ಹಾಳೆಯನ್ನು ಓರೆಮಾಡಿ ಇನ್ನೊಮ್ಮೆ ಫೋಟೊ ತೆಗೆಯುವುದೊಂದೇ ದಾರಿ.

ಕಪ್ಪು ಪಟ್ಟಿಯ ಕಾರಣ ಚೌಕದ ಸರಾಸರಿಯಲ್ಲೇ ಇದೆ. ನೆರಳಿನ ಅಂಚಿಗೆ ಹತ್ತಿರವಿರುವ, ಆದರೆ ನೆರಳಿನೊಳಗೇ ಇರುವ ಒಂದು ಕಾಗದದ ಪಿಕ್ಸೆಲ್ ತೆಗೆದುಕೊಳ್ಳಿ. ಅದರ ಮಟ್ಟ 75. ಅದರ ಚೌಕದ ಒಂದು ಭಾಗ ಬೆಳಕಿನ ಕಡೆಗೆ ಚಾಚಿಕೊಂಡು ಅಲ್ಲಿನ 210ನ್ನೂ ಸರಾಸರಿಗೆ ಸೇರಿಸುತ್ತದೆ. ಶಾಯಿಯನ್ನು ಬಿಟ್ಟು ಲೆಕ್ಕ ಹಾಕಿದರೆ, 31 ಸಾಲುಗಳಲ್ಲಿ ಬರೀ 3 ಸಾಲು ಬೆಳಕಿಗೆ ಚಾಚಿದರೂ ಸರಾಸರಿ 88ಕ್ಕೆ ಏರುತ್ತದೆ, 10 ಕಳೆದರೆ ಮಿತಿ 78. ಕಾಗದದ 75 ಅದಕ್ಕಿಂತ ಕೆಳಗಾಗಿ ಕಪ್ಪಾಗುತ್ತದೆ. ಅಂಚಿನಿಂದ ಸುಮಾರು 12 ಪಿಕ್ಸೆಲ್ ಒಳಗಿನವರೆಗೂ ಹೀಗೆಯೇ ಆಗುವುದರಿಂದ ಅದು ಪಟ್ಟಿಯಾಗಿ ಕಾಣುತ್ತದೆ. ಹೊಲಿಗೆಯ ಕಡೆ ಕತ್ತಲು ನಿಧಾನವಾಗಿ ಇಳಿಯುವುದರಿಂದ ಒಂದು ಚೌಕದೊಳಗೆ ಇಷ್ಟು ಏರುಪೇರು ಇರುವುದಿಲ್ಲ. ಚೂಪಾದ ನೆರಳನ್ನು ಈ ವಿಧಾನ ತೆಗೆಯುತ್ತದೆ ಎನ್ನುವುದಕ್ಕಿಂತ, ಅದನ್ನು ಅಂಚಿಗೆ ದೂಡುತ್ತದೆ ಎನ್ನುವುದು ನಿಜಕ್ಕೆ ಹತ್ತಿರ.

ಆದ್ದರಿಂದ ಕೈಯ ನೆರಳಿಗೆ ನಾನು ಬೇರೆ ಕ್ರಮವನ್ನು ಒಪ್ಪುತ್ತೇನೆ. ಕ್ಯಾಮೆರಾ ಕಾಣುವುದು ಬಿದ್ದ ಬೆಳಕು ಮತ್ತು ಕಾಗದ ಹಿಂತಿರುಗಿಸುವ ಪಾಲು, ಇವೆರಡರ ಗುಣಲಬ್ಧ. ಅಕ್ಷರವಿಲ್ಲದ ಬರಿಯ ಕಾಗದ ಎಲ್ಲೆಲ್ಲಿ ಎಷ್ಟು ಬೆಳಗಿದೆ ಎಂದು ಅಂದಾಜು ಮಾಡಿ, ಚಿತ್ರವನ್ನು ಅದರಿಂದ ಭಾಗಿಸಿದರೆ ಬೆಳಕಿನ ಅಂಶ ಹೊರಟುಹೋಗುತ್ತದೆ.

```
bg = cv2.medianBlur(gray, 51)
flat = cv2.divide(gray, bg, scale=255)
_, bw = cv2.threshold(flat, 0, 255,
        cv2.THRESH_BINARY + cv2.THRESH_OTSU)
```

ನಮ್ಮ ಅಂಕಿಗಳನ್ನೇ ಹಾಕಿ ನೋಡಿ. ಬೆಳಕಿನ ಕಡೆ ಶಾಯಿ 85ನ್ನು 210ರಿಂದ ಭಾಗಿಸಿ 255ರಿಂದ ಗುಣಿಸಿದರೆ 103. ನೆರಳಿನ ಕಡೆ 30ನ್ನು 75ರಿಂದ ಭಾಗಿಸಿ ಗುಣಿಸಿದರೆ 102. ಕಾಗದ ಎರಡೂ ಕಡೆ 255. ಈಗ ಮೈಸೂರಿನವರು ಹೇಳಿದ ಒಟ್ಸು ವಿಧಾನದ ಒಂದೇ ಸಂಖ್ಯೆ ಇಡೀ ಪುಟಕ್ಕೆ ಸಾಕಾಗುತ್ತದೆ. ಸರಾಸರಿಯ ಬದಲು ಮಧ್ಯಾಂಕವನ್ನು ಬಳಸಿದ್ದು ಬೇಕೆಂದೇ: ಚೌಕದ ಅರ್ಧಕ್ಕಿಂತ ಹೆಚ್ಚು ಭಾಗ ಯಾವ ಮಟ್ಟದಲ್ಲಿದೆಯೋ ಅದನ್ನೇ ಅದು ಹಿಡಿಯುವುದರಿಂದ ನೆರಳಿನ ಅಂಚು ಹರಡುವುದಿಲ್ಲ. ಇದಕ್ಕೂ ಒಂದು ಕೊರತೆಯಿದೆ. ಅಂಚಿಗೆ ತಾಗಿದಂತೆ ಬೆಳಕಿನ ಕಡೆ ಅಕ್ಷರ ದಟ್ಟವಾಗಿದ್ದರೆ, ನಾಲ್ಕೈದು ಪಿಕ್ಸೆಲ್‌ನಷ್ಟು ಶಾಯಿ ಸವೆಯಬಹುದು. `bg` ಚಿತ್ರವನ್ನು ಉಳಿಸಿಕೊಂಡು ಒಮ್ಮೆ ಕಣ್ಣಿಂದ ನೋಡಿ. ಅದರಲ್ಲಿ ಅಕ್ಷರದ ಗುರುತು ಕಂಡರೆ 51 ಸಾಲದು, ಇನ್ನೂ ದೊಡ್ಡ ಬೆಸಸಂಖ್ಯೆ ಬೇಕು.

೧ ಮತ್ತು ೦ಯ ವಿಷಯದಲ್ಲಿ, ಮೊದಲು ಫೋಟೊವನ್ನೇ ಹತ್ತಿರದಿಂದ ತೆಗೆಯಿರಿ. ೧ರ ಬಾಯಿ ಚಿತ್ರದಲ್ಲಿ ಒಂದೆರಡು ಪಿಕ್ಸೆಲ್ ಮಾತ್ರ ಇದ್ದರೆ ಯಾವ ಮಿತಿಯೂ ಅದನ್ನು ಕಾಪಾಡದು. ಘಳಿಗೆ 60ನ್ನು ಮೀರುವುದಿಲ್ಲ, ವಿಘಳಿಗೆ 60ನ್ನು ಮುಟ್ಟುವುದಿಲ್ಲವಾದ್ದರಿಂದ, ಘಳಿಗೆಯಲ್ಲಿ 60ಕ್ಕಿಂತ ಹೆಚ್ಚಿನ, ವಿಘಳಿಗೆಯಲ್ಲಿ 60 ಅಥವಾ ಅದಕ್ಕೂ ಹೆಚ್ಚಿನ ಸಂಖ್ಯೆ ಬಂದ ಮನೆಗಳನ್ನೆಲ್ಲ ಗುರುತು ಹಾಕಿಸಿ ಕೈಯಿಂದ ತಿದ್ದಬಹುದು. ಆದರೆ ೧೨ ಇದ್ದದ್ದು ೦೨ ಆದರೆ ಈ ಜರಡಿಯಲ್ಲಿ ಸಿಕ್ಕುವುದಿಲ್ಲ.

ಮಂಗಳೂರಿನಿಂದ

ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು, ತಂತ್ರಾಂಶ ನನ್ನ ಕ್ಷೇತ್ರವಲ್ಲ. ಪದದ ಬಗ್ಗೆ ಮಾತ್ರ ಹೇಳುತ್ತೇನೆ. "ಮಿತಿ" ಎಂದಾಗ ಓದುವವರು ಮೀರಬಾರದ ಅಳತೆ ಎಂದು ಭಾವಿಸುತ್ತಾರೆ. ಧಾರವಾಡದವರು ವಿವರಿಸಿದ್ದು ಎರಡು ಪಕ್ಷವನ್ನು ಬೇರ್ಪಡಿಸುವ ಸಂಖ್ಯೆ. ಅದಕ್ಕೆ "ಗಡಿ" ಸಹಜವಾಗಿ ಕೂರುತ್ತದೆ. "ಸ್ಥಳೀಯ ಗಡಿ" ಎಂದರೆ ಊರಿನ ಗಡಿ ಎಂದಾದೀತು. "ನೆರೆಗೆ ತಕ್ಕ ಗಡಿ" ಎಂದರೆ ಉದ್ದವಾದರೂ ಹಿರಿಯರಿಗೆ ತಿಳಿಯುತ್ತದೆ.

ಧಾರವಾಡದಿಂದ

ಮೇಡಂ, "ಗಡಿ" ಎಂದರೆ ಚಿತ್ರದೊಳಗಿನ ಅಂಚು, ಅಂದರೆ ನೆರಳಿನ ಗಡಿ, ಅಕ್ಷರದ ಗಡಿ ಎಂದು ತಿಳಿಯುವ ಅಪಾಯವಿದೆ. ಈ ಕೆಲಸದಲ್ಲಿ ಅಂಚುಗಳ ಮಾತು ಪದೇ ಪದೇ ಬರುತ್ತದೆ. ಆದ್ದರಿಂದ ನನ್ನ ಒಲವು ಇನ್ನೂ "ಮಿತಿ"ಯ ಕಡೆಗೇ ಇದೆ.

ಸಾಗರದಿಂದ

ಸದ್ಯಕ್ಕೆ "ನೆರೆಗೆ ತಕ್ಕ ಮಿತಿ" ಎಂದು ಬರೆದುಕೊಂಡಿದ್ದೇನೆ. ಭಾಗಿಸುವ ಹೆಜ್ಜೆಗೆ "ಬೆಳಕು ಸಮಮಾಡುವುದು" ಎಂದು ಬೇರೆ ಹೆಸರು ಕೊಟ್ಟು, ಕೈಯ ನೆರಳಿರುವ ಪುಟಗಳಿಗೆ ಅದನ್ನು, ಹೊಲಿಗೆಯ ಕಪ್ಪು ಮಾತ್ರ ಇರುವ ಪುಟಗಳಿಗೆ ಮೊದಲಿನ ಸಾಲನ್ನು ಸೂಚಿಸಿದ್ದೇನೆ. ಬೆರಳಿನ ಪಟ್ಟಿ ಹೋಯಿತು. ೧೨ ಮತ್ತು ೦೨ರ ಗೊಂದಲ ಹಾಗೆಯೇ ಉಳಿದಿದೆ. ಹಿಂದಿನ ಮತ್ತು ಮುಂದಿನ ದಿನದ ಘಳಿಗೆಗಳೊಡನೆ ಹೋಲಿಸಿ ಅದನ್ನು ಹಿಡಿಯುವ ಕ್ರಮ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆಯಿರಿ.