ಪೆನಾಲ್ಟಿ ಕಾರ್ನರ್ ಲೆಕ್ಕ: ತಪ್ಪನ್ನು ಇಂಜೆಕ್ಟರ್‌ಗೆ ಬರೆಯಬೇಕಾ, ಸ್ಟಾಪರ್‌ಗಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಕಡೆಯ ನಮ್ಮ ಹುಡುಗರ ಹಾಕಿ ತಂಡದ ಈ ಸೀಸನ್ನಿನ 38 ಪೆನಾಲ್ಟಿ ಕಾರ್ನರ್‌ಗಳ ಮೊಬೈಲ್ ವಿಡಿಯೊ ಕೂತು ನೋಡಿದ್ದೇನೆ. ಗೋಲು ಬರೀ 5. ಎಲ್ಲರೂ ಡ್ರ್ಯಾಗ್ ಫ್ಲಿಕ್ ಹೊಡೆಯುವ ಹುಡುಗನನ್ನೇ ಬೈಯುತ್ತಿದ್ದಾರೆ, ನನಗೆ ಅದು ಸರಿ ಅನ್ನಿಸುತ್ತಿಲ್ಲ, ಯಾಕಂದ್ರೆ ಚೆಂಡು ಸರಿಯಾಗಿ ನಿಂತಿದ್ದೇ 19 ಸಲ, 4 ಗೋಲು ಅದರಲ್ಲೇ ಬಂದಿವೆ.

ತೊಡಕಿರುವುದು ಉಳಿದ 19ರಲ್ಲಿ. ಒಂದನ್ನು ಹೇಳುತ್ತೇನೆ. ಇಂಜೆಕ್ಷನ್ ಜೋರಾಗಿಯೇ ಬಂತು, ಆದರೆ ಸರ್ಕಲ್ ಗೆರೆ ದಾಟುವಾಗ ಪುಟಿಯಿತು. ಸ್ಟಾಪರ್ ಕೋಲಿಗೆ ಬಡಿದು ಒಂದಡಿ ಪಕ್ಕಕ್ಕೆ ಉರುಳಿತು. ಫ್ಲಿಕ್ಕರ್ ಹೆಜ್ಜೆ ಬದಲಿಸಿಕೊಳ್ಳುವಷ್ಟರಲ್ಲಿ ಮೊದಲ ರಷರ್ ಮುಂದೆಯೇ ನಿಂತಿದ್ದ. ಫ್ರೇಮ್ ಎಣಿಸಿದೆ, ಸೆಕೆಂಡಿಗೆ 30. ಚೆನ್ನಾಗಿ ನಿಂತಾಗ ಇಂಜೆಕ್ಷನ್‌ನಿಂದ ಶಾಟ್‌ಗೆ ಸುಮಾರು 51 ಫ್ರೇಮ್, ಇದರಲ್ಲಿ 63. ಅಂದರೆ 0.4 ಸೆಕೆಂಡ್ ಜಾಸ್ತಿ. ಅಷ್ಟರಲ್ಲಿ ಓಡಿ ಬರುವ ರಷರ್ ಎರಡು ಮೀಟರ್ ದಾಟಿಬಿಡುತ್ತಾನೆ, ಅಲ್ವಾ?

ಈಗ ನಾನು ಇದನ್ನು "ಸ್ಟಾಪ್ ತಪ್ಪು" ಅಂತ ಬರೆದರೆ ಇಂಜೆಕ್ಟರ್ ಸುಮ್ನೆ ತಪ್ಪಿಸಿಕೊಳ್ಳುತ್ತಾನೆ. ಚೆಂಡು ಕೋಲಿಗೆ ತಾಗುವ ಮೊದಲೇ ವಿಡಿಯೊ ನಿಲ್ಲಿಸಿ, ಪುಟಿಯುತ್ತಿತ್ತಾ, ಸ್ಟಾಪರ್ ಕೋಲು ಎತ್ತಬೇಕಾಯಿತಾ ಅಂತ ಬೇರೆ ಕಾಲಂನಲ್ಲಿ ಗುರುತು ಹಾಕೋಣ ಅಂದುಕೊಂಡಿದ್ದೇನೆ. ನೀವು ಹೇಗೆ ಮಾಡುತ್ತೀರಿ?

ಇನ್ನೊಂದು. ರಷರ್ ಕಾಲಿಗೆ ಬಡಿದು ಮತ್ತೆ ಕಾರ್ನರ್ ಸಿಕ್ಕರೆ ಅದನ್ನು ವಿಫಲ ಅಂತ ಎಣಿಸಬೇಕಾ? ನನ್ನ 38ರಲ್ಲಿ ಅಂಥವು 6 ಇವೆ. ತಂಡದ ಲೆಕ್ಕ ಇಟ್ಟು ಅನುಭವ ಇರುವವರು ದಯವಿಟ್ಟು ಹೇಳಿ, ಭಾನುವಾರ ಹುಡುಗರಿಗೆ ತೋರಿಸಬೇಕು.