ಪದಚರ್ಚೆ: ಚಾಟ್ ಹಿಸ್ಟರಿಯನ್ನು ‘ರೆಫರೆನ್ಸ್’ ಮಾಡುವುದು ಅಂದರೆ?

ಎಲ್ಲರಿಗೂ ನಮಸ್ಕಾರ. ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ `Reference chat history` ಅಂತ ಒಂದು ಸ್ವಿಚ್ ಇದೆ. ಅಮ್ಮನಿಗೆ ಕನ್ನಡದಲ್ಲಿ ಬರೆದುಕೊಡುವಾಗ ‘ಚಾಟ್ ಇತಿಹಾಸವನ್ನು ಉಲ್ಲೇಖಿಸಿ’ ಎಂದೆ. “ಯಾವ ರಾಜರ ಇತಿಹಾಸವೋ?” ಎಂದರು. ಸರಿಯಾದ ಮಾತು ಯಾವುದು? ಅಳಿಸಿದ ಚಾಟ್‌ಗಳೂ ಇದರಲ್ಲಿ ಸೇರುತ್ತವಾ?

ಮೊದಲ ಉತ್ತರ
ಅದು ಬ್ರೌಸರ್ ಹಿಸ್ಟರಿ. ಕ್ಲಿಯರ್ ಮಾಡಿದರೆ ಎಲ್ಲ ಹೋಗುತ್ತದೆ. ನಾನು ವಾರಕ್ಕೊಮ್ಮೆ ಮಾಡುತ್ತೇನೆ.

ಎರಡನೆಯದು
ಅದಲ್ಲ ಸರ್. ಚಾಟ್‌ಗಳು ಇರುವುದು ಖಾತೆಯಲ್ಲಿ, ಬ್ರೌಸರ್‌ನಲ್ಲಲ್ಲ. ಚಾಟ್ ಅಳಿಸಿದರೆ ಮುಗಿಯಿತು, ಅದಕ್ಕೆ ಏನೂ ನೆನಪಿರುವುದಿಲ್ಲ.

ಮೂರನೆಯದು
ಅರ್ಧ ನಿಜ. ಮೊದಲು ಪದ ನೋಡೋಣ. ಉಲ್ಲೇಖಿಸುವುದು ಅಂದರೆ ಹೆಸರೆತ್ತಿ ಹೇಳುವುದು. ಇಲ್ಲಿ ಹಾಗಾಗಬೇಕಿಲ್ಲ. ಡಾಕ್ಟರು ಹಳೇ ಚೀಟಿ ನೋಡಿ ಹೊಸ ಮಾತ್ರೆ ಬರೆಯುತ್ತಾರಲ್ಲ, ಹಾಗೆ. ಚೀಟಿಯನ್ನು ಓದಿ ಹೇಳುವುದಿಲ್ಲ, ಆದರೆ ಮಾತ್ರೆ ಅದರ ಮೇಲೇ ನಿಂತಿರುತ್ತದೆ. ಎಲ್ಲ ಹಳೇ ಮಾತೂ ಅಕ್ಷರಶಃ ನೆನಪಿರುತ್ತದೆ ಅಂತಲೂ ಅಲ್ಲ. ‘ಹಿಂದಿನ ಮಾತುಕತೆ ಗಮನದಲ್ಲಿಟ್ಟುಕೊಳ್ಳಲಿ’ ಅಂದರೆ ಸಾಕು.

ಇನ್ನು ಅಳಿಸುವ ವಿಷಯ. ಇದರ ಪಕ್ಕದಲ್ಲೇ `Reference saved memories` ಅಂತ ಇನ್ನೊಂದು ಸ್ವಿಚ್ ಇದೆ. ಗೊಂದಲ ಹುಟ್ಟುವುದೇ ಅಲ್ಲಿ. ನಾನು ಒಂದು ಚಾಟ್‌ನಲ್ಲಿ “ನನಗೆ ಶೇಂಗಾ ಆಗುವುದಿಲ್ಲ, ನೆನಪಿಟ್ಟುಕೋ” ಎಂದೆ. ಆ ಚಾಟ್ ಅಳಿಸಿದೆ. ಹೊಸದರಲ್ಲಿ ತಿಂಡಿ ಕೇಳಿದರೆ ಶೇಂಗಾ ಬಿಟ್ಟು ಚಿತ್ರಾನ್ನ ಹೇಳಿತು! ನೆನಪುಗಳ ಪಟ್ಟಿ ತೆಗೆದು ನೋಡಿದರೆ ಆ ಸಾಲು ಹಾಗೇ ಕೂತಿತ್ತು. ಅಂಗಡಿಯವರು ಚೀಟಿ ಹರಿದರೂ ಉದ್ರಿ ಪುಸ್ತಕದ ಸಾಲು ಉಳಿದ ಹಾಗೆ. ಪೂರ್ತಿ ಹೋಗಬೇಕೆಂದರೆ ಆ ಸಾಲನ್ನೂ ಅಳಿಸಬೇಕು, ಮಾತು ಬಂದಿದ್ದ ಚಾಟನ್ನೂ ಅಳಿಸಬೇಕು.

ಅಳಿಸಿದ ಚಾಟ್ ನಮ್ಮ ಪಟ್ಟಿಯಿಂದ ಆಗಲೇ ಹೋಗುತ್ತದೆ. ಕಂಪನಿಯ ಸರ್ವರ್‌ನಿಂದ ಹೋಗಲು 30 ದಿನದವರೆಗೆ ಹಿಡಿಯಬಹುದು, ಕಾನೂನಿನ ಅಥವಾ ಭದ್ರತೆಯ ಕಾರಣವಿದ್ದರೆ ಇನ್ನೂ ಜಾಸ್ತಿ. ಆರ್ಕೈವ್ ಮಾಡಿದ್ದು ಅಳಿಸಿದ್ದಲ್ಲ, ಸುಮ್ನೆ ಕಣ್ಣಿಂದ ಮರೆಯಾಗಿದೆ ಅಷ್ಟೆ.

ಎರಡನೆಯವರು ಮತ್ತೆ
ಓಹೋ, ನನ್ನದು ಎರಡು ಪುಸ್ತಕವನ್ನು ಒಂದು ಮಾಡಿದ ಲೆಕ್ಕ. ಆದರೆ ‘ನೆನಪಿಟ್ಟುಕೋ’ ಎನ್ನದೆ, ಹಳೇ ಮಾತಿನಿಂದ ಅದೇ ಗ್ರಹಿಸಿಕೊಂಡದ್ದು? ಅದು ನೆನಪುಗಳ ಪಟ್ಟಿಯಲ್ಲಿ ಸಾಲುಸಾಲಾಗಿ ಕಾಣುವುದಿಲ್ಲವಲ್ಲ.

ಮೂರನೆಯವರು
ಹೌದು, ಅಲ್ಲೇ ತೊಡಕು. ಅದು ಬೇಡವೆಂದರೆ `Reference chat history` ಸ್ವಿಚ್ಚನ್ನೇ ಆಫ್ ಮಾಡಬೇಕು. ಹೇಳಲೇಬಾರದ ಮಾತಿದ್ದರೆ ನಾನಂತೂ ಟೆಂಪರರಿ ಚಾಟ್‌ನಲ್ಲಿ ಕೇಳುತ್ತೇನೆ. ಅದು ನೆನಪಿಗೆ ಹೊಸದನ್ನು ಕೂಡಿಸುವುದಿಲ್ಲ.

ಪ್ರಶ್ನೆ ಕೇಳಿದವರು
‘ಗಮನದಲ್ಲಿಟ್ಟುಕೊಳ್ಳಲಿ’ ಅಮ್ಮನಿಗೆ ಹಿಡಿಸಿತು. ‘ಹಿಸ್ಟರಿ’ಗೆ ಅವರೇ ‘ಹಳೇ ಮಾತು’ ಎಂದರು. ಸ್ವಿಚ್ಚಿನ ಪಕ್ಕ ಬರೆಯಲು ಅದು ತೀರಾ ಸಲಿಗೆಯದಾಯಿತೇ?